ಒಂದೇ ಹಾಲು, ಮೂರು ಲ್ಯಾಕ್ಟೋಮೀಟರ್: ಕೊಡಗಿನ ಚಳಿಯಲ್ಲಿ ಯಾವುದನ್ನು ನಂಬಬಹುದು?

ಸೋಮವಾರಪೇಟೆಯ ಕಡೆಯ ನಮ್ಮ ಕಾಫಿ ತೋಟದಲ್ಲಿ ಮನೆಯ ಹಸುಗಳ ಹಾಲು ಸಾಲದಿದ್ದಾಗ ಅಕ್ಕಪಕ್ಕದ ಮನೆಗಳಿಂದ ಹಾಲು ಕೊಳ್ಳುವುದು ರೂಢಿ. ಹಾಲಿಗೆ ನೀರು ಬೆರೆತಿದೆಯೇ ಎಂಬ ಪ್ರಶ್ನೆ ನೆರೆಹೊರೆಯವರ ನಡುವೆ ಬಹಳ ಸೂಕ್ಷ್ಮವಾದುದು. ಆದ್ದರಿಂದ ಯಾರ ಮೇಲೂ ಸಂಶಯ ಪಡುವ ಮೊದಲು ಅಳೆಯುವ ಸಾಧನವೇ ಎಷ್ಟು ಸರಿಯಾಗಿದೆ ಎಂದು ತಿಳಿಯಲು, ನಾನು ಒಂದೇ ಹಾಲನ್ನು ಮೂರು ಬಗೆಯ ಲ್ಯಾಕ್ಟೋಮೀಟರ್‌ಗಳಲ್ಲಿ ಚಳಿಗಾಲದ ಬೆಳಗಿನಲ್ಲಿಯೂ ಬೇಸಿಗೆಯ ಮಧ್ಯಾಹ್ನದಲ್ಲಿಯೂ ಅಳೆದು ನೋಡಿದೆ.

ಮೂರರ ತತ್ತ್ವವೂ ಒಂದೇ. ತೇಲುವ ವಸ್ತು ತನ್ನ ತೂಕದಷ್ಟೇ ದ್ರವವನ್ನು ಪಕ್ಕಕ್ಕೆ ಸರಿಸುತ್ತದೆ. ದ್ರವ ಸಾಂದ್ರವಾಗಿದ್ದರೆ ಸ್ವಲ್ಪ ಮುಳುಗಿದರೆ ಸಾಕು, ತೆಳುವಾಗಿದ್ದರೆ ಹೆಚ್ಚು ಮುಳುಗಬೇಕು. ಹಾಲಿನಲ್ಲಿ ಕರಗಿರುವ ಸಕ್ಕರೆ, ಲವಣ ಮತ್ತು ಪ್ರೋಟೀನುಗಳಿಂದಾಗಿ ಅದು ನೀರಿಗಿಂತ ತುಸು ಭಾರ. ನೀರಿನ ಸಾಪೇಕ್ಷ ಸಾಂದ್ರತೆ 1.000 ಎಂದಿಟ್ಟುಕೊಂಡರೆ ಹಸುವಿನ ಹಾಲಿನದು ಸುಮಾರು 1.028ರಿಂದ 1.032. ಲ್ಯಾಕ್ಟೋಮೀಟರ್ ಈ ಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನು ಮಾತ್ರ ತೋರಿಸುತ್ತದೆ, 1.029 ಇದ್ದರೆ 29 ಎಂದು ಓದುತ್ತೇವೆ. ನೀರಿನ ಅಂಕ ಸೊನ್ನೆಯಾದ್ದರಿಂದ, 29 ಇರುವ ಹಾಲಿನಲ್ಲಿ ಹತ್ತನೆಯ ಒಂದು ಪಾಲು ನೀರಾದರೆ ಅಂಕವೂ ಹತ್ತನೆಯ ಒಂದು ಪಾಲು ಇಳಿದು ಸುಮಾರು 26 ಆಗುತ್ತದೆ. ಅಂದರೆ ನಾವು ಹುಡುಕುತ್ತಿರುವುದು ಮೂರೇ ಗೆರೆಗಳ ವ್ಯತ್ಯಾಸ.

ಮೊದಲನೆಯದು ಪಾತ್ರೆ ಅಂಗಡಿಯಲ್ಲಿ ಸಿಗುವ ಅಗ್ಗದ ಲ್ಯಾಕ್ಟೋಮೀಟರ್. ಅದರ ಕಡ್ಡಿಯ ಮೇಲೆ ಅಂಕಿಗಳಿಗೆ ಬದಲಾಗಿ ನೀರಿನ ಗೆರೆ, ಶುದ್ಧ ಹಾಲಿನ ಗೆರೆ ಮತ್ತು ಅವೆರಡರ ನಡುವೆ ಕಾಲು, ಅರ್ಧ, ಮುಕ್ಕಾಲು ಹಾಲಿನ ಗೆರೆಗಳಿರುತ್ತವೆ. ನೀರಿನ ಗೆರೆಯನ್ನು ಶುದ್ಧ ನೀರಿನಲ್ಲಿ ತೇಲಿಸಿ ಪರೀಕ್ಷಿಸಬಹುದು ಎಂಬುದು ಇದರ ಏಕೈಕ ಅನುಕೂಲ. ಅರ್ಧದಷ್ಟು ನೀರು ಬೆರೆತಿದ್ದರೆ ಇದು ಖಂಡಿತ ಹೇಳುತ್ತದೆ, ಆದರೆ ಹತ್ತನೆಯ ಒಂದು ಪಾಲನ್ನು ಇದರಲ್ಲಿ ಗುರುತಿಸುವುದು ಸಾಧ್ಯವಾಗಲಿಲ್ಲ. ಹಾಲಿನ ಉಷ್ಣತೆ ಎಷ್ಟಿರಬೇಕೆಂಬ ಸೂಚನೆಯೂ ಅದರ ಮೇಲೆ ಇರಲಿಲ್ಲ. ಯಾರದಾದರೂ ಹಾಲಿನ ಬಗ್ಗೆ ತೀರ್ಪು ಕೊಡಲು ಇದನ್ನು ಬಳಸಬಾರದೆಂದೇ ನನ್ನ ಅಭಿಪ್ರಾಯ.

ನಿಜವಾದ ಹೋಲಿಕೆ ಉಳಿದ ಎರಡರ ನಡುವಿನದು. ಒಂದು ಕ್ವೆವೆನ್ ಮಾದರಿಯ ಗಾಜಿನ ಲ್ಯಾಕ್ಟೋಮೀಟರ್. ಇದರ ಅಳತೆಗೆರೆಗಳನ್ನು 60 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 15.5 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಹಾಕಿರುತ್ತಾರೆ. ಇನ್ನೊಂದು ನಮ್ಮ ದೇಶದ ಹವೆಗೆ ಹೊಂದುವಂತೆ 27 ಡಿಗ್ರಿಗೆ ಗೆರೆ ಹಾಕಿದ್ದು. ಹೊರನೋಟಕ್ಕೆ ಎರಡೂ ಒಂದೇ ರೀತಿ ಇರುತ್ತವೆ. ಆದರೆ ಒಂದೇ ಹಾಲನ್ನು ಆಯಾ ಉಷ್ಣತೆಗೆ ತಂದು ಅಳೆದರೆ, 27 ಡಿಗ್ರಿಯದರಲ್ಲಿ 28ರಿಂದ 29 ಬರುವ ಹಾಲು ಕ್ವೆವೆನ್‌ನಲ್ಲಿ ಎರಡು ಮೂರು ಗೆರೆ ಮೇಲೆ, 31ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹೀಗಾಗಿ ‘ಇಪ್ಪತ್ತೆಂಟು ಬಂತು’ ಎಂಬ ಮಾತಿಗೆ, ಯಾವ ಉಷ್ಣತೆಗೆ ಗೆರೆ ಹಾಕಿದ ಲ್ಯಾಕ್ಟೋಮೀಟರ್ ಎಂದು ಹೇಳದ ಹೊರತು ಅರ್ಥವಿಲ್ಲ.

ಇದಕ್ಕೆ ಕಾರಣ, ಬಿಸಿಯಾದಂತೆ ಹಾಲು ಹಿಗ್ಗುವುದು. ತೂಕ ಅಷ್ಟೇ ಉಳಿದು ಗಾತ್ರ ಹೆಚ್ಚುವುದರಿಂದ ಸಾಂದ್ರತೆ ಇಳಿಯುತ್ತದೆ, ಲ್ಯಾಕ್ಟೋಮೀಟರ್ ಹೆಚ್ಚು ಮುಳುಗುತ್ತದೆ, ಅಂಕ ಕಡಿಮೆ ಕಾಣುತ್ತದೆ. ತಣ್ಣಗಾದಾಗ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ. ರೂಢಿಯ ಲೆಕ್ಕದಂತೆ, ಗೆರೆ ಹಾಕಿದ ಉಷ್ಣತೆಗಿಂತ ಹಾಲು ಒಂದು ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೆ ಅಂಕಕ್ಕೆ ಸುಮಾರು 0.2 ಕೂಡಿಸಬೇಕು, ಒಂದು ಡಿಗ್ರಿ ತಣ್ಣಗಿದ್ದರೆ ಅಷ್ಟೇ ಕಳೆಯಬೇಕು.

0.2 ಎಂಬುದು ಸಣ್ಣದಾಗಿ ಕಾಣಬಹುದು. ಅದರ ಪರಿಣಾಮವನ್ನು ನೋಡಲು ನಮ್ಮದೇ ಹಸುವಿನ ಹಾಲನ್ನು ಎರಡು ಪಾಲು ಮಾಡಿದೆ. 27 ಡಿಗ್ರಿಯಲ್ಲಿ ಅದರ ಅಂಕ 29. ಒಂದು ಪಾಲನ್ನು ಹಾಗೆಯೇ ಉಳಿಸಿಕೊಂಡು, ಇನ್ನೊಂದರಲ್ಲಿ 450 ಮಿಲಿಲೀಟರ್ ಹಾಲಿಗೆ 50 ಮಿಲಿಲೀಟರ್ ನೀರು ಸೇರಿಸಿದೆ. ನೀರು ಸೇರಿದ ಪಾಲನ್ನು ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಜಗಲಿಯ ಮೇಲಿಟ್ಟಾಗ ಅದು 17 ಡಿಗ್ರಿಗೆ ಇಳಿಯಿತು. ನಿಜವಾದ ಅಂಕ 26 ಇರಬೇಕಾದಲ್ಲಿ, ಹತ್ತು ಡಿಗ್ರಿ ತಂಪಿನಿಂದಾಗಿ 28 ತೋರಿಸಿತು. ಶುದ್ಧ ಹಾಲಿನ ಪಾಲನ್ನು 35 ಡಿಗ್ರಿಗೆ ಬೆಚ್ಚಗೆ ಮಾಡಿ ಅಳೆದಾಗ ಅಂಕ 27ರ ಹತ್ತಿರಕ್ಕೆ ಇಳಿಯಿತು. ನೀರು ಬೆರೆತ ಹಾಲು ಶುದ್ಧ ಹಾಲಿಗಿಂತ ಒಳ್ಳೆಯದೆಂದು ತೋರಿದ್ದಕ್ಕೆ ಉಷ್ಣತೆಯೊಂದೇ ಕಾರಣ. ಆಗತಾನೆ ಕರೆದು ಬೆಚ್ಚಗೆ ತಂದ ಪ್ರಾಮಾಣಿಕನ ಹಾಲಿನ ಮೇಲೆ ದೋಷ ಹೊರಿಸಿ, ರಾತ್ರಿಯಿಡೀ ತಣ್ಣಗಿಟ್ಟ ನೀರುಹಾಲನ್ನು ಒಪ್ಪಿಕೊಳ್ಳುವ ಅನ್ಯಾಯ ನಡೆಯುವುದು ಹೀಗೆಯೇ.

ಆದ್ದರಿಂದ ಥರ್ಮಾಮೀಟರ್ ಇಲ್ಲದ ಲ್ಯಾಕ್ಟೋಮೀಟರ್ ಅರ್ಧ ಸಾಧನ ಮಾತ್ರ. ಅದು ಇದ್ದರೂ, ಅಂಕಕ್ಕೆ ಕೂಡಿ ಕಳೆಯುವುದು ಒಂದು ದಾರಿ, ಹಾಲನ್ನೇ ಸರಿಯಾದ ಉಷ್ಣತೆಗೆ ತರುವುದು ಇನ್ನೊಂದು. ಕೂಡಿ ಕಳೆಯುವ ಲೆಕ್ಕ ಐದಾರು ಡಿಗ್ರಿಗಳ ಒಳಗೆ ಚೆನ್ನಾಗಿ ಹೊಂದುತ್ತದೆ, ಅದರಾಚೆ ನಂಬಿಕೆ ಕಡಿಮೆ, ಏಕೆಂದರೆ ಹಾಲಿನ ಹಿಗ್ಗುವಿಕೆ ಎಲ್ಲ ಉಷ್ಣತೆಯಲ್ಲೂ ಒಂದೇ ಸಮನಾಗಿರುವುದಿಲ್ಲ. ಇಲ್ಲಿಯೇ ಕ್ವೆವೆನ್ ನಮಗೆ ತೊಡಕಾಗುತ್ತದೆ. ಮಡಿಕೇರಿಯ ಚಳಿಗಾಲದ ಮುಂಜಾನೆಯಲ್ಲಿ ಹಾಲು 15.5 ಡಿಗ್ರಿಯ ಹತ್ತಿರ ಬಂದೀತು, ಆದರೆ ಕುಶಾಲನಗರದ ಬೇಸಿಗೆಯಲ್ಲಿ ಹಾಲನ್ನು ಅಲ್ಲಿಗಿಳಿಸಲು ಐಸ್ ಬೇಕು. 27 ಡಿಗ್ರಿಯದಕ್ಕಾದರೆ, ಹಾಲಿನ ಜಾಡಿಯನ್ನು ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಸಾಕು. ನನ್ನ ಆಯ್ಕೆ ಇದೇ.

ಸಮುದ್ರಮಟ್ಟದಿಂದ ಇಷ್ಟು ಎತ್ತರದಲ್ಲಿರುವ ನಮ್ಮ ಊರಿನಲ್ಲಿ ಅಂಕ ಬದಲಾಗುವುದಿಲ್ಲವೇ ಎಂದು ನೆರೆಮನೆಯ ಹಿರಿಯರೊಬ್ಬರು ಕೇಳಿದ್ದರು. ಪ್ರಶ್ನೆ ಒಳ್ಳೆಯದೇ. ಆದರೆ ಗುರುತ್ವ ತುಸು ಕಡಿಮೆಯಾದರೂ ಅದು ಲ್ಯಾಕ್ಟೋಮೀಟರಿಗೂ ಹಾಲಿಗೂ ಒಂದೇ ಪ್ರಮಾಣದಲ್ಲಿ ಕಡಿಮೆಯಾಗುವುದರಿಂದ ತೇಲುವ ಮಟ್ಟ ಬದಲಾಗದು.

ಕರೆದ ಕೂಡಲೇ ಅಳೆಯಬಾರದು ಎಂಬುದಕ್ಕೆ ಉಷ್ಣತೆಯ ಹೊರತಾಗಿ ಇನ್ನೊಂದು ಕಾರಣವೂ ಇದೆ. ಹೊಸ ಹಾಲಿನಲ್ಲಿ ಗಾಳಿಯ ಸಣ್ಣ ಗುಳ್ಳೆಗಳಿರುತ್ತವೆ, ಕೊಬ್ಬು ಇನ್ನೂ ದ್ರವರೂಪದಲ್ಲಿರುತ್ತದೆ. ತಣಿಯುತ್ತ ಕೊಬ್ಬು ಗಟ್ಟಿಯಾದಂತೆ ಮುಂದಿನ ಕೆಲವು ಗಂಟೆಗಳಲ್ಲಿ ಅಂಕ ಒಂದರವರೆಗೆ ಏರಬಹುದು. ಎಲ್ಲರ ಹಾಲಿಗೂ ಒಂದೇ ನ್ಯಾಯ ಸಿಗಬೇಕಾದರೆ, ಹಾಲನ್ನು 40 ಡಿಗ್ರಿಗೆ ಬಿಸಿಮಾಡಿ ಐದು ನಿಮಿಷ ಇಟ್ಟು, ನಂತರ 27ಕ್ಕೆ ತಣಿಸಿ ಕೂಡಲೇ ಅಳೆಯುವುದು ಸರಿಯಾದ ಕ್ರಮ. ನೊರೆ ಬಾರದಂತೆ ಜಾಡಿಯ ಗೋಡೆಯ ಮೇಲಿಂದ ಹಾಲನ್ನು ಇಳಿಬಿಟ್ಟು ತುಂಬಿಸಬೇಕು; ಒಣಗಿದ ಲ್ಯಾಕ್ಟೋಮೀಟರನ್ನು ಗೋಡೆಗೆ ತಾಗದಂತೆ ತೇಲಿಸಿ, ಅದು ಅಲುಗಾಡದೆ ನಿಂತ ಮೇಲೆ ಕಣ್ಣನ್ನು ಹಾಲಿನ ಮಟ್ಟಕ್ಕೆ ತಂದು ಓದಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಬರುವ ಅಂಕವನ್ನು ಪುಸ್ತಕದ ಸರಾಸರಿಯೊಂದಿಗೆ ಹೋಲಿಸುವುದಕ್ಕಿಂತ ಅದೇ ಮನೆಯ ಹಸುವನ್ನು ನಮ್ಮೆದುರು ಕರೆಸಿ ಅಳೆದ ಅಂಕದೊಂದಿಗೆ ಹೋಲಿಸುವುದು ಉತ್ತಮ. ಸಹಜವಾಗಿ 31 ಇರುವ ಹಾಲಿಗೆ ಸ್ವಲ್ಪ ನೀರು ಬೆರೆತು 28 ಬಂದರೆ, ಆ ಅಂಕ ಮಾತ್ರದಿಂದ ಏನೂ ತಿಳಿಯದು. ಲ್ಯಾಕ್ಟೋಮೀಟರಿನಿಂದ ಪೂರ್ತಿ ತಪ್ಪಿಸಿಕೊಳ್ಳುವ ಉಪಾಯವೂ ಒಂದಿದೆ. ಕೊಬ್ಬು ನೀರಿಗಿಂತ ಹಗುರ, ಅದರ ಸಾಂದ್ರತೆ ಸುಮಾರು 0.93. ಕೆನೆ ತೆಗೆದರೆ ಹಾಲಿನ ಅಂಕ ಏರುತ್ತದೆ, ಆಮೇಲೆ ನೀರು ಸೇರಿಸಿದರೆ ಮೊದಲಿದ್ದಲ್ಲಿಗೇ ಇಳಿಯುತ್ತದೆ. ಈ ಹಾಲನ್ನು ಮೂರರಲ್ಲಿ ಯಾವುದೂ ಹಿಡಿಯಲಾರದು. ಅದಕ್ಕೆ ಗರ್ಬರ್ ವಿಧಾನದಂಥ ಕೊಬ್ಬಿನ ಪರೀಕ್ಷೆಯನ್ನೂ ಮಾಡಿ ಎರಡೂ ಅಂಕಗಳನ್ನು ಒಟ್ಟಿಗೆ ನೋಡಬೇಕಾಗುತ್ತದೆ.