ಬಾಗಿದ ಶಿಶ್ನಕ್ಕೆ ಮೂರು ದಾರಿ: ಕಾಯುವುದು, ಚುಚ್ಚುಮದ್ದು, ಶಸ್ತ್ರಚಿಕಿತ್ಸೆ

ಪೆರೋನಿ ಕಾಯಿಲೆಯಲ್ಲಿ ಶಿಶ್ನದ ಒಳಗಿನ ಗಟ್ಟಿ ಪೊರೆಯ ಮೇಲೆ ಮಾಯ್ದ ಗಾಯದಂತಹ ಗಂಟು ಬೆಳೆಯುತ್ತದೆ. ನಿಮಿರಿದಾಗ ಉಳಿದ ಭಾಗವೆಲ್ಲ ಹಿಗ್ಗಿದರೂ ಆ ಜಾಗ ಮಾತ್ರ ಹಿಗ್ಗುವುದಿಲ್ಲವಾದ್ದರಿಂದ ಅಂಗವು ಗಂಟಿನ ಕಡೆಗೇ ಬಾಗುತ್ತದೆ. ನನ್ನ ಗಂಟು ಮೇಲ್ಭಾಗದಲ್ಲಿದ್ದು, ಬಾಗು ಸುಮಾರು 50 ಡಿಗ್ರಿಯಷ್ಟು ಮೇಲ್ಮುಖವಾಗಿತ್ತು. ಮೂರೂ ದಾರಿಗಳನ್ನು ಒಂದಾದ ಮೇಲೊಂದರಂತೆ ಹಿಡಿದವನಾಗಿ ಅವುಗಳನ್ನು ಇಲ್ಲಿ ಹೋಲಿಸುತ್ತಿದ್ದೇನೆ.

ಮೊದಲ ಹಂತದಲ್ಲಿ ನಿಮಿರಿದಾಗ ನೋವಿರುತ್ತದೆ, ಬಾಗು ಬದಲಾಗುತ್ತಲೇ ಇರುತ್ತದೆ. ಆಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಮುಂದೆ ಗಂಟು ಬೆಳೆದು ಮತ್ತೆ ಬಾಗಬಹುದು. ಹೀಗಾಗಿ ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ, ಅಳೆಯುತ್ತಿರುವುದು: ನಿಮಿರಿದ ಸ್ಥಿತಿಯಲ್ಲಿ ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ತೆಗೆದು, ತಿಂಗಳಿಂದ ತಿಂಗಳಿಗೆ ಹೋಲಿಸುತ್ತಿದ್ದೆ. ನೋವು ಬಹುತೇಕ ಎಲ್ಲರಿಗೂ ತಾನಾಗಿಯೇ ಹೋಗುತ್ತದೆ, ನನಗೂ ಹೋಯಿತು. ಆದರೆ ಬಾಗು ತಾನಾಗಿ ಸರಿಹೋಗುವುದು ಕೆಲವರಿಗಷ್ಟೇ. ವಿಟಮಿನ್ ಇ ಮಾತ್ರೆಗಳಿಂದ ಬಾಗು ನೆಟ್ಟಗಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಕನಿಷ್ಠ ಮೂರು ತಿಂಗಳು ಕೋನ ಬದಲಾಗದೆ ನಿಂತ ಮೇಲೆ ಕೊಲಾಜಿನೇಸ್ ಚುಚ್ಚುಮದ್ದಿಗೆ ಒಪ್ಪಿದೆ. 2013ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಗೆ ಒಪ್ಪಿಗೆ ಪಡೆದ ಈ ಔಷಧವು ಗಂಟಿನೊಳಗಿನ ಕೊಲಾಜನ್ ನಾರುಗಳನ್ನು ಕರಗಿಸುತ್ತದೆ. ಒಂದು ಸುತ್ತಿನಲ್ಲಿ ಒಂದೆರಡು ದಿನಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಸುತ್ತುಗಳ ನಡುವೆ ಸುಮಾರು ಆರು ವಾರ, ಹೆಚ್ಚೆಂದರೆ ನಾಲ್ಕು ಸುತ್ತು. ನಡುವಿನ ವಾರಗಳಲ್ಲಿ ಮನೆಯಲ್ಲೇ ಅಂಗವನ್ನು ಬಾಗಿನ ವಿರುದ್ಧ ದಿಕ್ಕಿಗೆ ನಿಧಾನವಾಗಿ ಎಳೆದು ಹಿಡಿಯಬೇಕು. ಪ್ರತಿ ಬಾರಿಯೂ ಚರ್ಮ ಬದನೆಕಾಯಿಯಂತೆ ನೇರಳೆ ಬಣ್ಣಕ್ಕೆ ತಿರುಗಿ ಊದಿಕೊಳ್ಳುತ್ತಿತ್ತು, ಇದು ಮಾಮೂಲು. ಆದರೆ ನಿಮಿರಿದಾಗ ‘ಟಪ್’ ಎಂಬ ಸದ್ದಾಗಿ, ಗಡಸುತನ ತಟ್ಟನೆ ಇಳಿದು, ಊತ ಏರಿದರೆ ಪೊರೆ ಹರಿದಿರಬಹುದು. ತಕ್ಷಣ ಆಸ್ಪತ್ರೆಗೆ ಧಾವಿಸಬೇಕು. ವೈದ್ಯರು ಹೇಳುವಷ್ಟು ವಾರ ಸಂಭೋಗ ಬೇಡವೆನ್ನುವುದು ಇದಕ್ಕೇ. ಪ್ರಯೋಗಗಳಲ್ಲಿ ಬಾಗು ಸರಾಸರಿ ಮೂರನೇ ಒಂದು ಪಾಲಿನಷ್ಟು ಇಳಿದಿತ್ತು. ನನ್ನದೂ 35ರ ಆಸುಪಾಸಿಗೆ ಬಂದು ನಿಂತಿತು. ಅಷ್ಟು ಸಾಕೆನ್ನುವವರು ಅನೇಕರಿದ್ದಾರೆ, ನನಗೆ ಸಂಭೋಗ ಇನ್ನೂ ಕಷ್ಟವಾಗಿತ್ತು.

ಕೊನೆಗೆ ಮಾಡಿಸಿದ್ದು ಪ್ಲಿಕೇಶನ್. ಗಂಟನ್ನು ಮುಟ್ಟದೆ, ಅದರ ಎದುರಿನ ಉದ್ದ ಬದಿಯಲ್ಲಿ ಹೊಲಿಗೆ ಹಾಕಿ ಮಡಚಿ, ಅದನ್ನೂ ಗಿಡ್ಡ ಬದಿಯಷ್ಟೇ ಮಾಡುತ್ತಾರೆ. ಅಂಗವು ಬಹುಮಟ್ಟಿಗೆ ನೆಟ್ಟಗಾಯಿತು, ಉದ್ದ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು, ಹೊಲಿಗೆಯ ಗಂಟುಗಳು ಚರ್ಮದಡಿ ಬೆರಳಿಗೆ ಸಿಗುತ್ತವೆ. ನೆಟ್ಟಗಾಗುವುದೊಂದೇ ಗುರಿಯಾದರೆ ಈ ಮೂರರಲ್ಲಿ ನನ್ನ ಮತ ಇದಕ್ಕೇ. ಬಾಗು 60 ಡಿಗ್ರಿ ಮೀರಿದ್ದರೆ, ಅಥವಾ ಅಂಗದ ಮಧ್ಯಭಾಗ ಸಣ್ಣಗಾಗಿದ್ದರೆ, ಗಂಟನ್ನು ಕೊಯ್ದು ತೇಪೆ ಹಾಕುವ ಗ್ರಾಫ್ಟಿಂಗ್ ಸೂಚಿಸುವುದುಂಟು. ಅದರಲ್ಲಿ ಉದ್ದ ಉಳಿದರೂ ನಿಮಿರುವ ಶಕ್ತಿ ಕುಗ್ಗುವ, ಸ್ಪರ್ಶ ಮಂಕಾಗುವ ಅಪಾಯ ಹೆಚ್ಚು. ಮಾತ್ರೆ ತೆಗೆದುಕೊಂಡರೂ ಗಡಸುತನ ಬಾರದವರಿಗೆ ಬರೀ ನೆಟ್ಟಗೆ ಮಾಡಿ ಪ್ರಯೋಜನವಿಲ್ಲ. ಅವರು ವೈದ್ಯರೊಡನೆ ಮೊದಲು ಮಾತಾಡಬೇಕಾದ್ದು ಗಡಸುತನಕ್ಕಾಗಿ ಅಂಗದೊಳಗೆ ಕೂರಿಸುವ ಸಾಧನವಾದ ಇಂಪ್ಲಾಂಟ್ ಕುರಿತು.