ಕ್ಯಾಪ್ಶನ್ ಮೊಟಕು ಮಾಡಿಕೊಡುವ ಸೇವೆ: ಎರಡು ಕಾಫಿ ಸೀಸನ್ ಬಳಸಿದ ಮೇಲೆ

ಸಿದ್ದಾಪುರದ ಹತ್ತಿರ ನಮ್ಮದು ಸಣ್ಣ ತೋಟ, ಜೊತೆಗೆ ಹೋಂಸ್ಟೇ. ಪೇಜ್‌ಗೆ ಫೋಟೋ ಹಾಕೋದು ನನ್ನ ಕೆಲಸ. ಫೋಟೋ ಚೆನ್ನಾಗಿಯೇ ಬರುತ್ತದೆ, ಆದರೆ ಅದರ ಕೆಳಗೆ ಬರೆಯುವುದು ಉದ್ದವಾಗುತ್ತಿತ್ತು. ಪರಿಚಯದವರೊಬ್ಬರು ಈ ಸೇವೆಯ ನಂಬರ್ ಕೊಟ್ಟರು. ಫೋಟೋ ಮತ್ತು ಕ್ಯಾಪ್ಶನ್ ಎರಡನ್ನೂ ವಾಟ್ಸಾಪ್‌ನಲ್ಲಿ ಕಳಿಸಿದರೆ, ಅರ್ಥ ಬದಲಾಗದ ಹಾಗೆ ಮೊಟಕು ಮಾಡಿ ವಾಪಸ್ ಕಳಿಸುತ್ತಾರೆ. ಪ್ಲಾನ್, ದರ ಎಲ್ಲ ಅವರ ಪೇಜಲ್ಲೇ ಇದೆ, ಇಲ್ಲಿ ಬರೆಯಲ್ಲ. ನಾನು ತೆಗೆದುಕೊಂಡಿರುವುದು ತಿಂಗಳಿಗೆ 300 ರೂಪಾಯಿಯದು.

ನನಗೆ ತುಂಬಾ ಹಿಡಿಸಿದ್ದು ಅವರು ಉತ್ತರ ಕಳಿಸುವ ರೀತಿ. ತಿದ್ದಿದ ಸಾಲನ್ನು ಮಾತ್ರ ಕಳಿಸುವುದಿಲ್ಲ. ನನ್ನ ಸಾಲನ್ನೇ ಇಟ್ಟು, ತೆಗೆಯಬೇಕಾದ ಪದಗಳ ಎರಡೂ ಕಡೆ `~` ಹಾಕುತ್ತಾರೆ. ವಾಟ್ಸಾಪ್‌ನಲ್ಲಿ ಹಾಗೆ ಮಾಡಿದರೆ ಆ ಪದದ ಮೇಲೆ ಗೆರೆ ಎಳೆದು ಬರುತ್ತದೆ. ಯಾವುದು ಹೋಯಿತು, ಯಾಕೆ ಹೋಯಿತು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ನಮ್ಮಲ್ಲಿ ಸಿಗ್ನಲ್ ಸರಿಯಾಗಿ ಸಿಗೋದು ಕಣದ ಮೂಲೆಯಲ್ಲಿ. ಸಂಜೆ ಕಾಫಿ ಲೋಟ ಹಿಡಿದು ಅಲ್ಲಿಗೆ ಹೋಗಿ ನಿಲ್ಲುತ್ತೇನೆ. ಗೆರೆ ಎಳೆದ ಪದಗಳನ್ನು ಬಿಟ್ಟು ಸಾಲನ್ನು ಗಟ್ಟಿಯಾಗಿ ಒಮ್ಮೆ ಓದುತ್ತೇನೆ, ಆಮೇಲೆ ಆ ಪದಗಳನ್ನೂ ಸೇರಿಸಿಕೊಂಡು ಇನ್ನೊಮ್ಮೆ. ಎರಡು ಸಲವೂ ಕೇಳುವವರಿಗೆ ಒಂದೇ ವಿಷಯ ತಿಳಿಯುತ್ತದೆ ಅನ್ನಿಸಿದರೆ ಒಪ್ಪಿಗೆ ಕೊಡುತ್ತೇನೆ. ದಿನದಲ್ಲಿ ನನಗೆ ಅತ್ಯಂತ ಇಷ್ಟವಾದ ಹತ್ತು ನಿಮಿಷ ಅದು.

ಒಂದು ಉದಾಹರಣೆಯನ್ನು ಪೂರ್ತಿ ಹೇಳುತ್ತೇನೆ. ತೋಟ ಹೂ ಬಿಟ್ಟಾಗಿನ ಫೋಟೋಗೆ ನಾನು ಬರೆದದ್ದು ಹೀಗಿತ್ತು:

"ಕೊಡಗು ಜಿಲ್ಲೆಯ ಸಿದ್ದಾಪುರದ ಹತ್ತಿರ ಇರುವ ನಮ್ಮ ಕಾಫಿ ತೋಟದಲ್ಲಿ ಮಾರ್ಚ್ ತಿಂಗಳಿನಲ್ಲಿ ಹೂಮಳೆ ಬಿದ್ದ ಮೇಲೆ ಆನಂತರ ಗಿಡ ಗಿಡದಲ್ಲೂ ಅರಳಿ ನಿಂತಿರುವ ಬಿಳಿ ಬಣ್ಣದ ರೊಬಸ್ಟಾ ಕಾಫಿ ಹೂವುಗಳ ಸುಂದರ ದೃಶ್ಯವನ್ನು ಈ ಚಿತ್ರದಲ್ಲಿ ನೋಡಬಹುದು."

ಒಟ್ಟು 28 ಪದ. ಅವರು ಮೊದಲು ಕೇಳಿದ್ದು, "ಈ ಸಾಲು ಯಾವಾಗಲೂ ಫೋಟೋ ಜೊತೆಗೇ ಹೋಗುತ್ತಾ?" ಹೌದು ಅಂದೆ. ಹಾಗಾದರೆ "ಈ ಚಿತ್ರದಲ್ಲಿ ನೋಡಬಹುದು" ಬೇಡ, ಓದುವವರು ನೋಡುತ್ತಲೇ ಇರುತ್ತಾರೆ. "ಬಿಳಿ ಬಣ್ಣದ" ಅನ್ನುವುದೂ ಬೇಡ, ಫೋಟೋದಲ್ಲೇ ಕಾಣುತ್ತದೆ. ಬರೀ ಸಾಲನ್ನು ಯಾರಿಗಾದರೂ ಕಳಿಸುವುದಾದರೆ "ಬಿಳಿ" ಇರಲಿ, "ಬಣ್ಣದ" ಮಾತ್ರ ಹೋಗಲಿ ಅಂದರು. "ಸುಂದರ" ತೆಗೆದಾಗ ನನಗೆ ಸ್ವಲ್ಪ ಬೇಜಾರಾಯಿತು. ಆದರೆ ಫೋಟೋ ಸುಂದರವಾಗಿದ್ದರೆ ಅದನ್ನು ಬೇರೆ ಹೇಳಬೇಕಾಗಿಲ್ಲ, ಅಲ್ವಾ?

"ಬಿದ್ದ ಮೇಲೆ", "ಆನಂತರ" ಎರಡೂ ಒಂದೇ, ಆದ್ದರಿಂದ ಒಂದು ಹೋಯಿತು. ಮಾರ್ಚ್ ಅಂದರೆ ತಿಂಗಳೇ. ರೊಬಸ್ಟಾ ಅಂದ ಮೇಲೆ ಕಾಫಿ ಅಂತ ನಮ್ಮ ಪೇಜ್ ನೋಡುವವರಿಗೆಲ್ಲ ಗೊತ್ತು. "ಅರಳಿದ" ಅಂದರೆ ಹೂವೇ.

ಅವರು ತೆಗೆಯದೆ ಉಳಿಸಿದ ಪದಗಳೂ ಅಷ್ಟೇ ಮುಖ್ಯ. "ಗಿಡ ಗಿಡದಲ್ಲೂ" ಅನ್ನುವಲ್ಲಿ ಪದ ಎರಡು ಸಲ ಬಂದಿದೆ. ಅವಸರದಲ್ಲಿ ತಿದ್ದುವವರು ಒಂದನ್ನು ಕತ್ತರಿಸಿಬಿಡುತ್ತಿದ್ದರು. ಆದರೆ ಒಂದು ಹೋದರೆ ಒಂದೇ ಗಿಡ ಅಂತಾಗುತ್ತದೆ, ತೋಟವೆಲ್ಲ ಹೂವಾಗಿದೆ ಅನ್ನುವ ವಿಷಯವೇ ಹೋಗುತ್ತದೆ. "ಹೂಮಳೆ"ಯನ್ನು ಬರೀ "ಮಳೆ" ಮಾಡಲಿಲ್ಲ. ಜೂನ್‌ನಲ್ಲಿ ಹಿಡಿಯುವ ಮಳೆ ಬೇರೆ, ಹೂ ಅರಳಿಸುವ ಈ ಮಳೆ ಬೇರೆ. ಜಿಲ್ಲೆಯ ಹೆಸರಿನ ಪಕ್ಕ ಮಾತ್ರ ಪ್ರಶ್ನೆಚಿಹ್ನೆ ಹಾಕಿ ಬರೆದಿದ್ದರು: "ಸಾರ್, ಸಿದ್ದಾಪುರ ಉತ್ತರ ಕನ್ನಡದಲ್ಲೂ ಇದೆ. ನಿಮ್ಮ ಗೆಸ್ಟ್‌ಗಳು ಎಲ್ಲಿಂದ ಬರುತ್ತಾರೆ?" ಜಾಸ್ತಿ ಜನ ಬೆಂಗಳೂರು, ಹುಬ್ಬಳ್ಳಿ ಕಡೆಯವರು. ಹಾಗಾಗಿ ಕೊಡಗು ಉಳಿಯಿತು. ಊರು ಮಡಿಕೇರಿ ಆಗಿದ್ದರೆ ತೆಗೆಯುತ್ತಿದ್ದೆವು ಅಂದರು. "ಹತ್ತಿರ" ಸಹ ಉಳಿಯಿತು, ತೋಟ ಊರೊಳಗೆ ಇಲ್ಲವಲ್ಲ.

ಕೊನೆಗೆ ಬಂದದ್ದು: "ಮಾರ್ಚ್‌ನ ಹೂಮಳೆ ಬಿದ್ದ ಮೇಲೆ ಗಿಡ ಗಿಡದಲ್ಲೂ ಅರಳಿದ ರೊಬಸ್ಟಾ. ನಮ್ಮ ತೋಟ, ಕೊಡಗಿನ ಸಿದ್ದಾಪುರದ ಹತ್ತಿರ." 13 ಪದ. ಮೊದಲಿನ ಸಾಲಿನಲ್ಲಿದ್ದ ಒಂದು ಮಾಹಿತಿಯೂ ಇದರಲ್ಲಿ ತಪ್ಪಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ಎರಡನೇ ಸೀಸನ್‌ನಲ್ಲಿ ಅವರೇ ನೇರವಾಗಿ ಪೇಜ್‌ಗೆ ಹಾಕಿಕೊಡುವ ಪ್ಲಾನ್ ತೆಗೆದುಕೊಂಡೆ. ಕುಯ್ಲಿನ ಸಮಯದಲ್ಲಿ ಫೋನ್ ಹಿಡಿದು ಕೂರಲು ನನಗೆ ಪುರುಸೊತ್ತಿರಲ್ಲ. ಕಣದಲ್ಲಿ ಒಣಗುತ್ತಿದ್ದ ಕಾಫಿಯ ಫೋಟೋ ಕಳಿಸಿ, "ಈ ವರ್ಷದ ನಮ್ಮ ಅರೇಬಿಕಾ ಪಾರ್ಚ್‌ಮೆಂಟ್ ಕಾಫಿ ಮಾರಾಟಕ್ಕಿದೆ" ಅಂತ ಬರೆದಿದ್ದೆ. ಪೇಜ್‌ನಲ್ಲಿ ಕಂಡದ್ದು "ಈ ವರ್ಷದ ನಮ್ಮ ಅರೇಬಿಕಾ ಮಾರಾಟಕ್ಕಿದೆ". ಗೆರೆ ಎಳೆದ ಪ್ರತಿ ಬರಲಿಲ್ಲ, ಪ್ರಶ್ನೆ ಬರಲಿಲ್ಲ. ಕಾಫಿ ತೆಗೆದದ್ದು ಸರಿ. ಪಾರ್ಚ್‌ಮೆಂಟ್ ತೆಗೆದದ್ದು ದೊಡ್ಡ ತಪ್ಪು. ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಒಳಗಿನ ತೆಳು ಹೊಟ್ಟಿನ ಸಮೇತ ಒಣಗಿಸಿದ್ದು ಪಾರ್ಚ್‌ಮೆಂಟ್. ಹಣ್ಣನ್ನು ಹಾಗೇ ಒಣಗಿಸಿದರೆ ಚೆರಿ. ಎರಡಕ್ಕೂ ಬೇರೆ ಬೇರೆ ರೇಟ್. 50 ಕೆಜಿ ಚೀಲದ ಲೆಕ್ಕದಲ್ಲಿ ವ್ಯಾಪಾರ ಮಾಡುವವರಿಗೆ ಆ ಒಂದು ಪದ ಇಲ್ಲದಿದ್ದರೆ ಜಾಹೀರಾತೇ ಅರ್ಧ. ಬೆಳಗ್ಗೆಯಿಂದ "ಚೆರಿಯಾ, ಪಾರ್ಚ್‌ಮೆಂಟಾ?" ಅಂತ ಫೋನ್ ಮೇಲೆ ಫೋನ್. ನಿಜಕ್ಕೂ ಸಿಟ್ಟು ಬಂತು.

ಕೇಳಿದಾಗ ಕ್ಷಮೆ ಕೇಳಿ ಕೂಡಲೇ ಸರಿ ಮಾಡಿದರು. ಆ ಪ್ಲಾನ್ ನೋಡಿಕೊಳ್ಳುವುದು ಬೇರೆಯವರಂತೆ, ತೋಟದ ವಿಷಯ ಅವರಿಗೆ ಗೊತ್ತಿರಲಿಲ್ಲ. ಇರಬಹುದು. ಆದರೆ ಗೊತ್ತಿಲ್ಲದ ಪದವನ್ನು ಸುಮ್ನೆ ತೆಗೆಯಬಾರದು, ಕೇಳಬೇಕು. ಸಾಲಿನ ಇನ್ನೊಂದು ಪದವೋ ಫೋಟೋವೋ ಅದೇ ವಿಷಯ ಹೇಳುತ್ತಿದ್ದರೆ ಮಾತ್ರ ಆ ಪದ ಹೆಚ್ಚುವರಿ. ಕಣದ ಫೋಟೋದಲ್ಲಿ ಒಣಗುತ್ತಿರುವುದು ಯಾವುದು ಅಂತ ಬೆಳೆಗಾರರಿಗೆ ಗೊತ್ತಾಗುತ್ತದೆ, ಪೇಟೆಯಲ್ಲಿ ಕೂತು ಪುಡಿ ಮಾಡಿಸಿಕೊಳ್ಳಲು ಕಾಫಿ ಹುಡುಕುವವರಿಗೆ ಗೊತ್ತಾಗಲ್ಲ. ತೆಗೆದ ಮೇಲೆ ಓದಿದವರಲ್ಲಿ ಹೊಸ ಪ್ರಶ್ನೆ ಹುಟ್ಟಿದರೆ ಅದನ್ನು ವಾಪಸ್ ಇಡಬೇಕು. ಮೊದಲ ಸೀಸನ್‌ನಲ್ಲಿ ಇವರೇ ನನಗೆ ಮಾಡಿ ತೋರಿಸಿದ ಪರೀಕ್ಷೆ ಇದು.

ಈಗ ಮತ್ತೆ ಹಳೇ 300 ರೂಪಾಯಿ ಪ್ಲಾನ್‌ಗೆ ಬಂದಿದ್ದೇನೆ. ಕಳಿಸುವಾಗ ಮುಟ್ಟಬಾರದ ಪದಗಳನ್ನು ಸಾಲಿನ ಕೆಳಗೆ ಬೇರೆಯಾಗಿ ಬರೆಯುತ್ತೇನೆ: ಊರು, ತಳಿ, ಪಾರ್ಚ್‌ಮೆಂಟ್ ಅಥವಾ ಚೆರಿ, ಚೀಲದ ತೂಕ. ಅದಾದ ಮೇಲೆ ಒಂದು ಸಲವೂ ತೊಂದರೆ ಆಗಿಲ್ಲ, ಗೆರೆ ಎಳೆದ ಪ್ರತಿ ತಪ್ಪದೆ ಬರುತ್ತದೆ. ಹೋಂಸ್ಟೇ, ತಿಂಡಿ, ಹಬ್ಬ, ಜಾಗಗಳ ಫೋಟೋ ಹಾಕುವವರು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಕಾಫಿ, ಕಾಳುಮೆಣಸು ಮಾರುವವರು ನೇರವಾಗಿ ಪೇಜ್‌ಗೆ ಹಾಕುವ ಪ್ಲಾನ್ ತೆಗೆದುಕೊಳ್ಳಬೇಡಿ. ನನ್ನ ಕಡೆಯಿಂದ ಮೂರೂವರೆ ಸ್ಟಾರ್. ಹೂವಿನ ಫೋಟೋ ತಿದ್ದಿದವರೇ ಎಲ್ಲ ಪ್ಲಾನ್‌ಗಳನ್ನೂ ನೋಡಿಕೊಳ್ಳುವ ಹಾಗಾದರೆ ಉಳಿದದ್ದನ್ನೂ ಕೊಡುತ್ತೇನೆ.