ಮೊದಲ ಕ್ಲೌಡ್ ಸರ್ಟಿಫಿಕೇಟ್: ನಾನು ಅಜೂರ್ ಕಡೆ ವಾಲಿದ್ದು ಯಾಕೆ?

ಮೊದಲು ಯಾವ ಕ್ಲೌಡ್ ಸರ್ಟಿಫಿಕೇಟ್ ಮಾಡಲಿ ಅಂತ ಕೇಳುವ ಎರಡನೇ ವರ್ಷದವರಿಗೆ ನನ್ನ ಉತ್ತರ ಒಂದೇ: ಮೊದಲು ಮೈಕ್ರೋಸಾಫ್ಟ್ ಅಜೂರ್‌ನ ಆರಂಭಿಕ ಪರೀಕ್ಷೆ AZ-900. ಅಮೆಜಾನ್‌ನ ಎಡಬ್ಲ್ಯೂಎಸ್ ಆಮೇಲೆ.

ಉದ್ಯೋಗ ಜಾಹೀರಾತುಗಳಲ್ಲಿ ಎಡಬ್ಲ್ಯೂಎಸ್ ಹೆಸರೇ ನನಗೆ ಜಾಸ್ತಿ ಕಂಡಿದ್ದು, ನಿಜ. ಆದರೆ ಅಲ್ಲಿ ಬೇಕಾಗಿರೋದು ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಮಟ್ಟದ್ದು. ಅದರ ಶುಲ್ಕ 150 ಡಾಲರ್, ನೆಟ್‌ವರ್ಕಿಂಗ್ ಗಟ್ಟಿಯಾಗಿ ಬರಬೇಕು. ಕೆಳಗಿನ ಮೆಟ್ಟಿಲಾದ ಕ್ಲೌಡ್ ಪ್ರಾಕ್ಟೀಷನರ್‌ಗೆ 100 ಡಾಲರ್. AZ-900ಗೆ ಭಾರತದ ದರ ಅದಕ್ಕಿಂತ ಸಾಕಷ್ಟು ಕಡಿಮೆ. ಎಡಬ್ಲ್ಯೂಎಸ್ ಸರ್ಟಿಫಿಕೇಟ್ ಮೂರು ವರ್ಷಕ್ಕೆ ಮುಗಿಯುತ್ತದೆ, AZ-900ಗೆ ಅವಧಿಯೇ ಇಲ್ಲ. ಬರೀ AZ-900 ನೋಡಿ ಯಾರೂ ಕೆಲಸ ಕೊಡಲ್ಲ, ಅದೂ ಗೊತ್ತಿರಲಿ.

ನನಗೆ ಮುಖ್ಯವಾಗಿದ್ದು ಕ್ಲೌಡ್ ಬಳಸಿ ಅಭ್ಯಾಸ ಮಾಡಲು ಸಿಗುವ ಉಚಿತ ಕ್ರೆಡಿಟ್. ಅಜೂರ್ ಫಾರ್ ಸ್ಟೂಡೆಂಟ್ಸ್‌ಗೆ ಕಾಲೇಜಿನ ಇಮೇಲ್ ಸಾಕು, ಕ್ರೆಡಿಟ್ ಕಾರ್ಡ್ ಬೇಡ. 12 ತಿಂಗಳಿಗೆ 100 ಡಾಲರ್ ಸಿಗುತ್ತದೆ, ವಿದ್ಯಾರ್ಥಿಯಾಗಿ ಇರುವವರೆಗೆ ವರ್ಷ ವರ್ಷ ನವೀಕರಿಸಬಹುದು. ಎಡಬ್ಲ್ಯೂಎಸ್‌ನಲ್ಲಿ 2025ರ ಜುಲೈ ನಂತರದ ಹೊಸ ಖಾತೆಗೆ 100 ಡಾಲರ್, ಹೇಳಿದ ಕೆಲಸ ಮಾಡಿದರೆ ಇನ್ನೂ 100ರವರೆಗೆ. ಉಚಿತ ಪ್ಲಾನ್ ಮಾತ್ರ ಆರೇ ತಿಂಗಳು. ಗೂಗಲ್ 300 ಡಾಲರ್ ಕೊಡುತ್ತದೆ, ಆದರೆ 90 ದಿನಕ್ಕೆ. ಮಧ್ಯೆ ಇಂಟರ್ನಲ್ಸ್ ಬಂದರೆ ಅರ್ಧ ಸುಮ್ನೆ ಹೋಯ್ತು ಅಂತಲೇ ಲೆಕ್ಕ. ಈ ಎರಡಕ್ಕೂ ಖಾತೆ ತೆರೆಯುವಾಗಲೇ ಹಣ ಕಟ್ಟುವ ವಿವರ ಕೊಡಬೇಕು. ಅಪ್ಪನ ಕಾರ್ಡ್ ಕೇಳುವ ಧೈರ್ಯ ನನಗಂತೂ ಇಲ್ಲ.

ಅಜೂರ್‌ನಲ್ಲಿ ಕಿರಿಕಿರಿ ಮಾಡುವ ವಿಷಯ ಒಂದಿದೆ. ಅಲ್ಲಿ ಬಾಡಿಗೆಗೆ ತೆಗೆದುಕೊಂಡ ಲಿನಕ್ಸ್ ಮಷಿನ್‌ಗೆ ಲಾಗಿನ್ ಆಗಿ, ಅಭ್ಯಾಸ ಮುಗಿದ ಮೇಲೆ ಒಳಗಿಂದಲೇ `sudo shutdown now` ಕೊಟ್ಟರೆ ಮಷಿನ್ ಆಫ್ ಆಗುತ್ತದೆ. ಪೋರ್ಟಲ್‌ನಲ್ಲಿ `Stopped` ಅಂತ ಕಾಣುತ್ತದೆ. ಆದರೆ ಮೀಟರ್ ಓಡುತ್ತಲೇ ಇರುತ್ತದೆ! ಆ ಹಾರ್ಡ್‌ವೇರ್ ಇನ್ನೂ ನಿಮ್ಮ ಹೆಸರಿನಲ್ಲೇ ಕಾದಿರಿಸಿರುವುದು ಇದಕ್ಕೆ ಕಾರಣ. ಎಡಬ್ಲ್ಯೂಎಸ್‌ನಲ್ಲಿ ಸಾಮಾನ್ಯವಾಗಿ ಹೀಗೆ ಮಾಡಿದರೆ ಮಷಿನ್‌ನ ಬಾಡಿಗೆ ನಿಲ್ಲುತ್ತದೆ, ಹಾಗಾಗಿ ಅದನ್ನು ಬಳಸಿ ಬಂದವರು ಇಲ್ಲಿ ಎಡವುತ್ತಾರೆ.

ಮಷಿನ್‌ಗೆ ಗಂಟೆಗೆ 10 ಸೆಂಟ್ ಅಂದುಕೊಳ್ಳಿ. ದಿನಕ್ಕೆ 2.40 ಡಾಲರ್. ವರ್ಷ ಬರಬೇಕಿದ್ದ 100 ಡಾಲರ್ ಆರು ವಾರಕ್ಕೇ ಖಾಲಿ. ಅದಕ್ಕೇ ಪೋರ್ಟಲ್‌ನ ಸ್ಟಾಪ್ ಬಟನ್ ಒತ್ತಿ, ಇಲ್ಲವೇ `lab` ಬದಲು ನಿಮ್ಮ ಮಷಿನ್, ಡಿಸ್ಕ್ ಎಲ್ಲ ಇರುವ ರಿಸೋರ್ಸ್ ಗ್ರೂಪ್ ಹೆಸರು, `vm1` ಬದಲು ಮಷಿನ್ ಹೆಸರು ಹಾಕಿ ಈ ಕಮಾಂಡ್ ಕೊಡಿ:

```
az vm deallocate -g lab -n vm1
```

`Stopped (deallocated)` ಅಂತ ಬಂದ ಮೇಲೇ ಲ್ಯಾಪ್‌ಟಾಪ್ ಮುಚ್ಚಿ. ಡಿಸ್ಕ್‌ನ ಬಾಡಿಗೆ ಆಗಲೂ ಇರುತ್ತದೆ, ಮಷಿನ್ ಬೇಡವಾದರೆ ಇಡೀ ರಿಸೋರ್ಸ್ ಗ್ರೂಪನ್ನೇ ಅಳಿಸಿಬಿಡಿ. ಮರೆತರೂ ಮನೆಗೆ ಬಿಲ್ ಬರಲ್ಲ. ಕ್ರೆಡಿಟ್ ಮುಗಿದರೆ ಸೇವೆ ನಿಲ್ಲುತ್ತದೆ ಅಷ್ಟೆ. ಜೇಬಲ್ಲಿ ಕಾಸಿಲ್ಲದ ನನಗೆ ಇದೊಂದೇ ಸಾಕಾಯ್ತು.

ಮನೆಯವರೇ ಕಾರ್ಡ್ ಕೊಡ್ತಾರೆ, ನೆಟ್‌ವರ್ಕಿಂಗ್ ಚೆನ್ನಾಗಿ ಗೊತ್ತು ಅನ್ನುವವರು ನೇರವಾಗಿ ಎಡಬ್ಲ್ಯೂಎಸ್ ಅಸೋಸಿಯೇಟ್‌ಗೇ ಹೋಗಿ. ನಾನು ಅದನ್ನು ಮೂರನೇ ವರ್ಷದ ರಜೆಗೆ ಇಟ್ಟುಕೊಂಡಿದ್ದೇನೆ.